ಗವರ್ನರ್ ಇದ್ದರೂ ಆವರ್ತನ ಐವತ್ತಕ್ಕೆ ಏಕೆ ಮರಳುವುದಿಲ್ಲ? ಲೋಡ್ ಫ್ರೀಕ್ವೆನ್ಸಿ ನಿಯಂತ್ರಣವನ್ನು ಹಂತ ಹಂತವಾಗಿ ಕಟ್ಟುವ ಬಗೆ

ಹಾಸನ ಮತ್ತು ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಿಕಲ್ ಓದುತ್ತಿರುವವರಿಂದ ಪ್ರತಿ ವರ್ಷವೂ ಎರಡೇ ಪ್ರಶ್ನೆಗಳು ಬರುತ್ತವೆ. ಗವರ್ನರ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಆವರ್ತನ, ಅಂದರೆ ಫ್ರೀಕ್ವೆನ್ಸಿ, 50 ಹರ್ಟ್ಸ್‌ಗೆ ಏಕೆ ಮರಳುವುದಿಲ್ಲ ಎಂಬುದು ಮೊದಲನೆಯದು. ಇಂಟಿಗ್ರಲ್ ಗೇನ್ ಎಷ್ಟಿಡಬೇಕು, ನಾನಿಟ್ಟ ಬೆಲೆಗೆ ಗ್ರಾಫ್ ಹುಚ್ಚೆದ್ದು ಕುಣಿಯುತ್ತದೆ ಎಂಬುದು ಎರಡನೆಯದು. ಇವೆರಡಕ್ಕೂ ಒಂದೇ ಉದಾಹರಣೆಯಲ್ಲಿ ಉತ್ತರ ಸಿಗುವಂತೆ ಈ ಲೇಖನವನ್ನು ಬರೆದಿದ್ದೇನೆ. ಕಾಗದದ ಮೇಲೆ ಲೆಕ್ಕ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಓಡಿಸಿ, ಎರಡೂ ತಾಳೆಯಾಗುತ್ತವೆಯೇ ಎಂದು ನೋಡುವುದು ನಮ್ಮ ಕ್ರಮ.

ನಿಮಗೆ ಬೇಕಾಗುವುದು ಹೆಚ್ಚೇನಿಲ್ಲ: ಲಾಪ್ಲಾಸ್ ರೂಪಾಂತರದ ಸಾಮಾನ್ಯ ಪರಿಚಯ, ರೌತ್ ಕೋಷ್ಟಕ ಬರೆಯುವ ಅಭ್ಯಾಸ, ಮತ್ತು ಮ್ಯಾಟ್‌ಲ್ಯಾಬ್ ಅಥವಾ ಉಚಿತವಾಗಿ ಸಿಗುವ ಆಕ್ಟೇವ್ ಇರುವ ಒಂದು ಕಂಪ್ಯೂಟರ್.

ಆರಂಭಿಸುವ ಮುನ್ನ ಒಂದು ಗೊಂದಲವನ್ನು ತೆಗೆದುಹಾಕಬೇಕು. ಮಲೆನಾಡಿನ ಹಳ್ಳಿಗಳಲ್ಲಿ ಸಂಜೆ ಬಲ್ಬು ಮಂಕಾಗುವುದಕ್ಕೂ ಆವರ್ತನಕ್ಕೂ ಸಂಬಂಧವಿಲ್ಲ. ಅದು ವೋಲ್ಟೇಜ್ ಕುಸಿತ, ಆ ಊರಿನ ಲೈನು ಮತ್ತು ಟ್ರಾನ್ಸ್‌ಫಾರ್ಮರಿನ ಸಮಸ್ಯೆ. ಆವರ್ತನವಾದರೋ ಒಟ್ಟಿಗೆ ಓಡುತ್ತಿರುವ ಎಲ್ಲ ಜನರೇಟರುಗಳ ವೇಗ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣ ಗ್ರಿಡ್ ಉಳಿದ ದೇಶದೊಂದಿಗೆ ಸೇರಿದ ಮೇಲೆ, ಸ್ಥಿರ ಸ್ಥಿತಿಯಲ್ಲಿ ಹಾಸನದ ಆವರ್ತನವೂ ದೆಹಲಿಯ ಆವರ್ತನವೂ ಒಂದೇ. "ಒಂದೇ ಪ್ರದೇಶ" ಎಂಬ ಮಾದರಿಯ ಅರ್ಥವೂ ಇದೇ: ಆ ಪ್ರದೇಶದೊಳಗಿನ ಯಂತ್ರಗಳೆಲ್ಲ ಒಂದೇ ಶಾಫ್ಟಿಗೆ ಕಟ್ಟಿದ ಹಾಗೆ ಒಟ್ಟಿಗೆ ನಿಧಾನವಾಗುತ್ತವೆ, ಒಟ್ಟಿಗೆ ವೇಗ ಪಡೆಯುತ್ತವೆ ಎಂದು ಭಾವಿಸುವುದು.

ಹಂತ 1: ಎಲ್ಲ ಸಂಖ್ಯೆಗಳನ್ನೂ ಒಂದೇ ಆಧಾರಕ್ಕೆ ತನ್ನಿ

ನಮ್ಮ ಉದಾಹರಣೆಯ ಪ್ರದೇಶದ ಉತ್ಪಾದನಾ ಸಾಮರ್ಥ್ಯ 2000 ಮೆಗಾವ್ಯಾಟ್ ಆಗಿರಲಿ, ಸದ್ಯದ ಹೊರೆ 1000 ಮೆಗಾವ್ಯಾಟ್ ಆಗಿರಲಿ. ಲೆಕ್ಕಗಳೆಲ್ಲ ಪರ್ ಯೂನಿಟ್‌ನಲ್ಲಿ ನಡೆಯುತ್ತವೆ, ಅಂದರೆ ಪ್ರತಿಯೊಂದು ಮೆಗಾವ್ಯಾಟ್ ಬೆಲೆಯನ್ನೂ 2000ದಿಂದ ಭಾಗಿಸಿ ಬರೆಯುತ್ತೇವೆ. ಹಠಾತ್ತನೆ 100 ಮೆಗಾವ್ಯಾಟ್ ಹೊರೆ ಹೆಚ್ಚಿತು ಎಂದರೆ `ΔPd = 0.05`.

ಮೊದಲು ಬೇಕಾದದ್ದು `D`, ಆವರ್ತನ ಬದಲಾದಾಗ ಹೊರೆ ತಾನಾಗಿಯೇ ಎಷ್ಟು ಬದಲಾಗುತ್ತದೆ ಎಂಬ ಅಳತೆ. ಕಾಫಿ ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆವರ್ತನ ಇಳಿದರೆ ಮೋಟಾರು ನಿಧಾನವಾಗುತ್ತದೆ, ಪಂಪು ಎತ್ತುವ ನೀರು ಕಡಿಮೆಯಾಗುತ್ತದೆ, ಎಳೆದುಕೊಳ್ಳುವ ವಿದ್ಯುತ್ ಕೂಡ ಇಳಿಯುತ್ತದೆ. ನೀರು ಕಾಯಿಸುವ ಗೀಸರಿಗೆ ಮಾತ್ರ ಆವರ್ತನದ ಗೊಡವೆಯಿಲ್ಲ. ಇಂಥ ಎಲ್ಲ ಹೊರೆಗಳೂ ಬೆರೆತು, ಆವರ್ತನ ಶೇ 1 ಇಳಿದಾಗ ಹೊರೆಯೂ ಶೇ 1 ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. 50ರ ಶೇ 1 ಎಂದರೆ 0.5 ಹರ್ಟ್ಸ್, 1000ದ ಶೇ 1 ಎಂದರೆ 10 ಮೆಗಾವ್ಯಾಟ್. ಆದ್ದರಿಂದ ಪ್ರತಿ ಹರ್ಟ್ಸ್‌ಗೆ 20 ಮೆಗಾವ್ಯಾಟ್, ಅದನ್ನು 2000ದಿಂದ ಭಾಗಿಸಿದರೆ `D = 0.01`.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಶೇಕಡಾವಾರು ಇಳಿಕೆಯನ್ನು ಲೆಕ್ಕ ಹಾಕುವುದು ಓಡುತ್ತಿರುವ 1000 ಮೆಗಾವ್ಯಾಟ್ ಹೊರೆಯ ಮೇಲೆ, ಆದರೆ ಭಾಗಿಸುವುದು 2000 ಮೆಗಾವ್ಯಾಟ್ ಸಾಮರ್ಥ್ಯದಿಂದ. ಎರಡನ್ನೂ ಒಂದೇ ಎಂದುಕೊಂಡರೆ `D` ಎರಡು ಪಟ್ಟಾಗಿಬಿಡುತ್ತದೆ.

ಎರಡನೆಯದು ಜಡತ್ವ ಸ್ಥಿರಾಂಕ `H`. ತಿರುಗುತ್ತಿರುವ ಯಂತ್ರಗಳಲ್ಲಿ ಕೂಡಿಕೊಂಡಿರುವ ಚಲನ ಶಕ್ತಿಯನ್ನು ಸಾಮರ್ಥ್ಯದಿಂದ ಭಾಗಿಸಿದಾಗ ಸಿಗುವ ಸೆಕೆಂಡುಗಳೇ ಇದು. `H = 5` ಎಂದರೆ ನಮ್ಮ ಪ್ರದೇಶದಲ್ಲಿ 10,000 ಮೆಗಾಜೂಲ್ ಶಕ್ತಿ ತಿರುಗುತ್ತಿದೆ ಎಂದರ್ಥ. ಇವೆರಡರಿಂದ ಪ್ರದೇಶದ ಮಾದರಿ ಸಿಗುತ್ತದೆ:

```
Kp = 1/D = 100
Tp = 2H/(f0·D) = 2×5/(50×0.01) = 20
```

`Kp`ಯ ಏಕಮಾನ ಪ್ರತಿ ಪರ್ ಯೂನಿಟ್‌ಗೆ ಇಷ್ಟು ಹರ್ಟ್ಸ್ ಎಂಬುದು, `Tp`ಯದು ಸೆಕೆಂಡ್. ಪಠ್ಯಪುಸ್ತಕಗಳಲ್ಲಿ ಪದೇ ಪದೇ ಕಾಣುವ `Kp = 120`, `R = 2.4` ಎಂಬ ಜೋಡಿ 60 ಹರ್ಟ್ಸ್ ವ್ಯವಸ್ಥೆಗೆ ಸೇರಿದ್ದು. ಅದನ್ನು ಹಾಗೆಯೇ ನಕಲು ಮಾಡಿ ಉತ್ತರವನ್ನು 50ರಿಂದ ಕಳೆದರೆ ಎರಡು ದೇಶಗಳ ಗ್ರಿಡ್ ಬೆರೆಸಿದಂತಾಗುತ್ತದೆ.

ಹಂತ 2: ಗವರ್ನರ್ ಇಲ್ಲದೆ ಏನಾಗುತ್ತದೆ ಎಂದು ಮೊದಲು ನೋಡಿ

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು, ಆದರೆ ಮಾದರಿ ಸರಿಯಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 100 ಮೆಗಾವ್ಯಾಟ್ ಕೊರತೆ ಬಿದ್ದ ಕ್ಷಣದಲ್ಲಿ ಯಾವ ಕವಾಟವೂ ತೆರೆದಿರುವುದಿಲ್ಲ. ಕೊರತೆಯನ್ನು ತುಂಬುವುದು ತಿರುಗುತ್ತಿರುವ ಶಕ್ತಿಯೇ. 10,000 ಮೆಗಾಜೂಲಿನಿಂದ ಸೆಕೆಂಡಿಗೆ 100 ಮೆಗಾಜೂಲ್ ಖರ್ಚಾದರೆ, ಅದು ಸೆಕೆಂಡಿಗೆ ಶೇ 1. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗದ ಇಳಿಕೆ ಅದರ ಅರ್ಧ, ಅಂದರೆ ಸೆಕೆಂಡಿಗೆ ಶೇ 0.5, ಅರ್ಥಾತ್ ಸೆಕೆಂಡಿಗೆ 0.25 ಹರ್ಟ್ಸ್. ಮಾದರಿಯ ಸೂತ್ರವೂ `ΔPd·Kp/Tp = 0.05×100/20 = 0.25` ಎಂದೇ ಹೇಳುತ್ತದೆ. ನಿಮ್ಮ ಗ್ರಾಫಿನ ಮೊದಲ ಇಳಿಜಾರು ಇದಕ್ಕೆ ತಾಳೆಯಾಗದಿದ್ದರೆ ಮುಂದಿನ ಯಾವ ಉತ್ತರವನ್ನೂ ನಂಬಬೇಡಿ.

ಗವರ್ನರ್ ಇಲ್ಲದೆ ಹೀಗೇ ಬಿಟ್ಟರೆ ಆವರ್ತನ `ΔPd/D`ಯಷ್ಟು, ಅಂದರೆ 5 ಹರ್ಟ್ಸ್ ಇಳಿದು 45ರಲ್ಲಿ ನಿಲ್ಲಬೇಕು. ನಿಜವಾದ ಗ್ರಿಡ್‌ನಲ್ಲಿ ಅಷ್ಟು ಕೆಳಗಿಳಿಯುವ ಬಹಳ ಮೊದಲೇ ಅಂಡರ್ ಫ್ರೀಕ್ವೆನ್ಸಿ ರಿಲೇಗಳು ಫೀಡರುಗಳನ್ನು ಕತ್ತರಿಸಿರುತ್ತವೆ. ಹಾಗಾಗಿ ಈ 45ನ್ನು ಲೆಕ್ಕದ ಪರೀಕ್ಷೆಯಾಗಿ ಮಾತ್ರ ಇಟ್ಟುಕೊಳ್ಳಿ.

ಹಂತ 3: ಗವರ್ನರ್ ಮತ್ತು ಟರ್ಬೈನನ್ನು ಸೇರಿಸಿ

ಗವರ್ನರ್ ವೇಗವನ್ನು ಗಮನಿಸುತ್ತದೆ, ವೇಗ ಇಳಿದಷ್ಟೂ ಉಗಿಯ ಕವಾಟವನ್ನು ತೆರೆಯುತ್ತದೆ. ಎಷ್ಟು ಇಳಿಕೆಗೆ ಎಷ್ಟು ತೆರೆಯಬೇಕು ಎಂಬುದನ್ನು ಡ್ರೂಪ್ ನಿರ್ಧರಿಸುತ್ತದೆ. ಶೇ 5 ಡ್ರೂಪ್ ಎಂದರೆ ಆವರ್ತನ ಶೇ 5, ಅಂದರೆ 2.5 ಹರ್ಟ್ಸ್ ಇಳಿದಾಗ ಕವಾಟ ಪೂರ್ತಿ ಸಾಮರ್ಥ್ಯದಷ್ಟು ತೆರೆದುಕೊಳ್ಳುತ್ತದೆ. ಆದ್ದರಿಂದ ನಮ್ಮ ಲೆಕ್ಕದಲ್ಲಿ `R = 2.5`. ಇಲ್ಲಿ 0.05 ಎಂದು ಬರೆದರೆ ಆಗುವ ಅನಾಹುತವನ್ನು ಹಂತ 7ರಲ್ಲಿ ನೋಡುವಿರಿ.

ಗವರ್ನರಿನ ಕವಾಟ ಚಲಿಸಲು ಸ್ವಲ್ಪ ಸಮಯ ಬೇಕು, `Tg = 0.08` ಸೆಕೆಂಡ್. ಕವಾಟ ತೆರೆದ ಮೇಲೆ ಉಗಿ ತುಂಬಿ ಟರ್ಬೈನಿನ ಶಕ್ತಿ ಏರಲು ಇನ್ನೂ ಸ್ವಲ್ಪ, `Tt = 0.3` ಸೆಕೆಂಡ್. ಮರುಕಾಯಿಸುವಿಕೆ, ಅಂದರೆ ರೀಹೀಟ್ ಇಲ್ಲದ ಉಗಿ ಟರ್ಬೈನಿಗೆ ಇವು ಸಾಮಾನ್ಯವಾಗಿ ಬಳಸುವ ಬೆಲೆಗಳು. ಎರಡನ್ನೂ ಸರಳ ವಿಳಂಬಗಳೆಂದು ಬರೆದರೆ ಸರಪಳಿ ಹೀಗಾಗುತ್ತದೆ:

```
ΔPm = [1/((1+sTg)(1+sTt))] · (ΔPref − Δf/R)
Δf  = [Kp/(1+sTp)] · (ΔPm − ΔPd)
```

`ΔPref` ಎಂಬುದು ಗವರ್ನರಿಗೆ ಹೊರಗಿನಿಂದ ಕೊಡುವ ಆದೇಶ, ಹಳೆಯ ಭಾಷೆಯಲ್ಲಿ ಸ್ಪೀಡ್ ಚೇಂಜರಿನ ಸ್ಥಾನ. ಸದ್ಯಕ್ಕೆ ಅದನ್ನು ಸೊನ್ನೆಯಾಗಿಡಿ. ಎಲ್ಲವೂ ಶಾಂತವಾದ ಮೇಲೆ ಉಳಿಯುವ ಇಳಿಕೆ ಇಷ್ಟು:

```
Δf = −ΔPd/(D + 1/R) = −0.05/(0.01 + 0.4) = −0.122 Hz
```

5 ಹರ್ಟ್ಸ್ ಆಗಬೇಕಿದ್ದ ಇಳಿಕೆ 0.122ಕ್ಕೆ ಬಂದು ನಿಂತಿತು. ಆದರೆ ಆವರ್ತನ 49.878ರಲ್ಲಿ ನಿಂತಿದೆಯೇ ಹೊರತು 50ಕ್ಕೆ ಮರಳಿಲ್ಲ. ನಮ್ಮ ದೇಶದ ಗ್ರಿಡ್ ಸಂಹಿತೆ ನಿಗದಿಪಡಿಸಿರುವ 49.90ರಿಂದ 50.05 ಹರ್ಟ್ಸ್‌ವರೆಗಿನ ಪಟ್ಟಿಯಿಂದ ಅದು ಹೊರಗೇ ಉಳಿದಿದೆ.

ಇದಕ್ಕೆ ಗವರ್ನರಿನ ದೋಷ ಕಾರಣವಲ್ಲ. 100 ಮೆಗಾವ್ಯಾಟ್ ಹಂಚಿಕೆಯಾದ ರೀತಿಯನ್ನು ನೋಡಿ: 0.122 ಹರ್ಟ್ಸ್ ಇಳಿಕೆಗೆ ಗವರ್ನರ್ ಕೊಡುವುದು 0.122 × 0.4, ಅಂದರೆ 97.6 ಮೆಗಾವ್ಯಾಟ್. ಉಳಿದ 2.4 ಮೆಗಾವ್ಯಾಟ್ ಪಂಪುಗಳಂಥ ಹೊರೆಗಳು ನಿಧಾನವಾದದ್ದರಿಂದ ಸಿಕ್ಕ ಉಳಿತಾಯ. ಆವರ್ತನ 50ಕ್ಕೆ ಮರಳಿದ ಕ್ಷಣ `Δf/R` ಸೊನ್ನೆಯಾಗುತ್ತದೆ, ಗವರ್ನರ್ ಕವಾಟವನ್ನು ಹಳೆಯ ಜಾಗಕ್ಕೇ ಮುಚ್ಚಿಬಿಡುತ್ತದೆ, ಕೊರತೆ ಮತ್ತೆ ಎದುರಾಗುತ್ತದೆ. ಕವಾಟವನ್ನು ತೆರೆದಿಡುತ್ತಿರುವುದು ಆ ಇಳಿಕೆಯೇ ಆಗಿರುವಾಗ, ಇಳಿಕೆಯನ್ನು ಅಳಿಸಿಹಾಕುವುದು ಗವರ್ನರಿಗೆ ಸಾಧ್ಯವಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇದು.

ಡ್ರೂಪನ್ನು ಇನ್ನೂ ಚಿಕ್ಕದು ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಚಿಕ್ಕದು ಮಾಡಿದಷ್ಟೂ ಇಳಿಕೆ ಕಡಿಮೆಯಾಗುವುದೇನೋ ನಿಜ, ಆದರೆ ಸ್ಥಿರತೆ ಕರಗುತ್ತಾ ಹೋಗುತ್ತದೆ. ಈ ಸರಪಳಿಗೆ ರೌತ್ ಕೋಷ್ಟಕ ಬರೆದರೆ `R` ಸುಮಾರು 0.31ಕ್ಕಿಂತ ಕೆಳಗೆ ಹೋದಾಗ ವ್ಯವಸ್ಥೆ ತೂಗಾಡಿ ಬಿದ್ದುಹೋಗುತ್ತದೆ ಎಂದು ತಿಳಿಯುತ್ತದೆ. ಅಲ್ಲದೆ ಒಟ್ಟಿಗೆ ಓಡುವ ಹತ್ತಾರು ಯಂತ್ರಗಳು ಹೊರೆಯನ್ನು ತಮ್ಮ ತಮ್ಮ ಸಾಮರ್ಥ್ಯಕ್ಕೆ ತಕ್ಕಂತೆ ಹಂಚಿಕೊಳ್ಳುವುದು ಡ್ರೂಪ್ ಇರುವುದರಿಂದಲೇ. ಡ್ರೂಪನ್ನು ಅದರ ಪಾಡಿಗೆ ಬಿಟ್ಟು ಬೇರೆ ದಾರಿ ಹುಡುಕಬೇಕು.

ಹಂತ 4: ಇಂಟಿಗ್ರಲ್ ಕ್ರಿಯೆಯನ್ನು ಜೋಡಿಸಿ

ಇಂಟಿಗ್ರಲ್ ಕ್ರಿಯೆ ಎಂದರೆ ತಪ್ಪನ್ನು ಕೂಡಿಸುತ್ತಾ ಹೋಗುವುದು. ಆವರ್ತನ 50ಕ್ಕಿಂತ ಕೆಳಗಿರುವಷ್ಟು ಹೊತ್ತೂ ಈ ಮೊತ್ತ ಬೆಳೆಯುತ್ತದೆ, ಅದಕ್ಕೆ ತಕ್ಕಂತೆ ಗವರ್ನರಿನ ಆದೇಶವೂ ಏರುತ್ತದೆ:

```
ΔPref = −Ki ∫ Δf dt
```

ಆವರ್ತನ 50ಕ್ಕೆ ಮುಟ್ಟಿದಾಗ ಕೂಡಿಸುವ ಕೆಲಸ ನಿಲ್ಲುತ್ತದೆ, ಆದರೆ ಅಲ್ಲಿಯವರೆಗೆ ಕೂಡಿದ ಮೊತ್ತ ಉಳಿದುಕೊಂಡಿರುತ್ತದೆ. ಗವರ್ನರಿನಲ್ಲಿ ಇಲ್ಲದ ಗುಣ ಇದು. ಕೊನೆಯಲ್ಲಿ `ΔPref = 0.05` ಆಗಿ, ಪೂರ್ತಿ 100 ಮೆಗಾವ್ಯಾಟನ್ನೂ ಅದೇ ಹೊರುತ್ತದೆ, `Δf/R` ಸೊನ್ನೆಯಾಗಿ ಗವರ್ನರ್ ಮುಂದಿನ ಏರಿಳಿತಕ್ಕೆ ಬಿಡುವಾಗಿರುತ್ತದೆ. ಮೊದಲ ಕೆಲವು ಸೆಕೆಂಡುಗಳಲ್ಲಿ ಕುಸಿತವನ್ನು ಹಿಡಿದು ನಿಲ್ಲಿಸುವುದಕ್ಕೆ ಪ್ರಾಥಮಿಕ ನಿಯಂತ್ರಣ ಎಂದೂ, ಆಮೇಲೆ 50ಕ್ಕೆ ತರುವುದಕ್ಕೆ ದ್ವಿತೀಯಕ ನಿಯಂತ್ರಣ ಎಂದೂ ಹೆಸರು.

ಇಲ್ಲಿ ಋಣ ಚಿಹ್ನೆಯನ್ನು ಮರೆಯಬಾರದು. ಆವರ್ತನ ಇಳಿದಾಗ `Δf` ಋಣವಾಗಿರುತ್ತದೆ, ಆದೇಶ ಏರಬೇಕು. ಬ್ಲಾಕ್ ಚಿತ್ರ ಎಳೆಯುವಾಗ ಕೂಡಿಸುವ ಬಿಂದುವಿನಲ್ಲಿ ಒಮ್ಮೆ, ಗೇನಿನಲ್ಲಿ ಇನ್ನೊಮ್ಮೆ ಋಣ ಚಿಹ್ನೆ ಹಾಕಿದರೆ ಎರಡೂ ಸೇರಿ ಧನವಾಗುತ್ತದೆ.

ಹಂತ 5: `Ki` ಆರಿಸಿ

ಮೊದಲ ಅಂದಾಜಿಗೆ ಗವರ್ನರ್ ಮತ್ತು ಟರ್ಬೈನಿನ ವಿಳಂಬಗಳನ್ನು ಮರೆತುಬಿಡಿ, ಏಕೆಂದರೆ 20 ಸೆಕೆಂಡಿನ `Tp` ಎದುರು ಅವು ಚಿಕ್ಕವು. ಆಗ ಲಕ್ಷಣ ಸಮೀಕರಣ ಎರಡನೆಯ ಘಾತದ್ದಾಗುತ್ತದೆ, ತೂಗಾಟವಿಲ್ಲದೆ ಆದಷ್ಟು ಬೇಗ ಮರಳುವ ಗೇನ್ ನೇರವಾಗಿ ಸಿಗುತ್ತದೆ:

```
Ki = (1 + Kp/R)² / (4·Tp·Kp) = 41²/8000 ≈ 0.21
```

ನಾವು 0.2 ಎಂದು ಇಟ್ಟುಕೊಳ್ಳೋಣ. ಮರೆತ ವಿಳಂಬಗಳನ್ನು ಈಗ ವಾಪಸು ತಂದು ಎಷ್ಟು ಅಂತರ ಉಳಿದಿದೆ ಎಂದು ನೋಡಬೇಕು. ಪೂರ್ಣ ಸಮೀಕರಣ ಹೀಗಿರುತ್ತದೆ:

```
0.48 s⁴ + 7.624 s³ + 20.38 s² + 41 s + 100·Ki = 0
```

ರೌತ್ ಕೋಷ್ಟಕದ ಪ್ರಕಾರ `Ki` ಸುಮಾರು 0.957ಕ್ಕಿಂತ ಕಡಿಮೆಯಿರುವವರೆಗೆ ಮಾತ್ರ ವ್ಯವಸ್ಥೆ ಸ್ಥಿರ. ಆ ಅಂಚಿನಲ್ಲಿ ಆವರ್ತನ ಸುಮಾರು 2.7 ಸೆಕೆಂಡಿಗೊಮ್ಮೆ ನಿಲ್ಲದೆ ತೂಗುತ್ತದೆ. ಸರಳ ಅಂದಾಜಿನಲ್ಲಿ ಇಂಥ ಮಿತಿಯೇ ಕಾಣುವುದಿಲ್ಲ, ಅಲ್ಲಿ ಯಾವ ಧನ ಗೇನ್ ಇಟ್ಟರೂ ಸ್ಥಿರವೇ. ಚಿಕ್ಕ ವಿಳಂಬಗಳನ್ನು ಅಂದಾಜಿಗಾಗಿ ಬಿಡಬಹುದು, ಸ್ಥಿರತೆಯನ್ನು ತೀರ್ಮಾನಿಸುವಾಗ ಬಿಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮಿತಿ 0.957 ಇರುವಾಗ 0.2 ಏಕೆ, 0.5 ಇಟ್ಟರೆ ಇನ್ನೂ ಬೇಗ ಮರಳುವುದಿಲ್ಲವೇ? ಸಮೀಕರಣದ ಮೂಲಗಳನ್ನು ತೆಗೆದು ನೋಡಿದರೆ ಉತ್ತರ ಸಿಗುತ್ತದೆ. `Ki = 0.2` ಇದ್ದಾಗ ಅತ್ಯಂತ ನಿಧಾನವಾದ ಮೂಲ −0.648, ಅಂದರೆ ಸುಮಾರು 6 ಸೆಕೆಂಡಿನಲ್ಲಿ ಎಲ್ಲವೂ ಶಾಂತ. `Ki = 0.05` ಇದ್ದರೆ ಆ ಮೂಲ −0.13ಕ್ಕೆ ಸರಿದು 30 ಸೆಕೆಂಡು ಹಿಡಿಯುತ್ತದೆ. `Ki = 0.5` ಇದ್ದಾಗ ಎಲ್ಲಕ್ಕಿಂತ ನಿಧಾನವಾಗಿ ಸಾಯುವುದು ಒಂದು ತೂಗಾಡುವ ಜೋಡಿ, ಅದರ ನಿಜ ಭಾಗ −0.45, ತಣಿಯಲು ಸುಮಾರು 9 ಸೆಕೆಂಡು ಬೇಕು. ಗೇನ್ ಎರಡೂವರೆ ಪಟ್ಟು ಏರಿಸಿದರೂ ಶಾಂತವಾಗಲು ಹೆಚ್ಚೇ ಹೊತ್ತು ಹಿಡಿಯಿತು. ಸಾಲದ್ದಕ್ಕೆ ಆವರ್ತನ 50ನ್ನು ದಾಟಿ ಸುಮಾರು 50.055ರವರೆಗೆ ಹಾರುತ್ತದೆ, ಪಟ್ಟಿಯ ಕೆಳಗಿನಿಂದ ಬಿಡಿಸಿದ್ದು ಮೇಲಿನಿಂದ ಹೊರಗೆ ಹೋಗುತ್ತದೆ.

ಹಂತ 6: ಕಂಪ್ಯೂಟರಿನಲ್ಲಿ ಓಡಿಸಿ

ಸಿಮುಲಿಂಕ್‌ನಲ್ಲಿ ಬ್ಲಾಕುಗಳನ್ನು ಎಳೆದು ಜೋಡಿಸಬಹುದು, ಆದರೆ ಮೊದಲ ಸಲ ಕೆಳಗಿನಂತೆ ಕೈಯಲ್ಲೇ ಬರೆಯುವುದು ಒಳ್ಳೆಯದು. ಯಾವ ಸಾಲು ಯಾವ ಯಂತ್ರ ಎಂಬುದು ಆಗ ಕಣ್ಣೆದುರಿಗಿರುತ್ತದೆ.

```
Kp=100; Tp=20; Tg=0.08; Tt=0.3; R=2.5; Ki=0.2;
dPd=0.05; dt=0.001; N=20000;
f=0; pm=0; pg=0; z=0; y=zeros(1,N);
for k=1:N
  z = z - Ki*f*dt;
  dpg = (z - f/R - pg)/Tg;
  dpm = (pg - pm)/Tt;
  df  = (Kp*(pm - dPd) - f)/Tp;
  pg = pg + dpg*dt;
  pm = pm + dpm*dt;
  f  = f + df*dt;
  y(k) = f;
end
plot((1:N)*dt, 50+y)
```

`pg` ಕವಾಟದ ಸ್ಥಾನ, `pm` ಟರ್ಬೈನಿನ ಶಕ್ತಿ, `z` ಇಂಟಿಗ್ರಲ್ ಕೂಡಿಟ್ಟ ಮೊತ್ತ. ಇದನ್ನು ಮೂರು ಸಲ ಓಡಿಸಿ, ಪ್ರತಿ ಸಲವೂ ಕಾಗದದ ಉತ್ತರದೊಂದಿಗೆ ಹೋಲಿಸಿ.

ಮೊದಲ ಸಲ `R=1e9; Ki=0;` ಎಂದಿಡಿ, ಅಂದರೆ ಗವರ್ನರ್ ಇಲ್ಲ. 20ನೇ ಸೆಕೆಂಡಿನಲ್ಲಿ ಇಳಿಕೆ 5 ಹರ್ಟ್ಸ್‌ನ ಶೇ 63ರಷ್ಟಾಗಿ, ಆವರ್ತನ ಸುಮಾರು 46.84 ತೋರಬೇಕು. ಎರಡನೇ ಸಲ `R=2.5; Ki=0;`. ಆವರ್ತನ ಸುಮಾರು ಒಂದು ಸೆಕೆಂಡಿನಲ್ಲಿ 49.85ರವರೆಗೆ ಇಳಿದು, ಒಂದೆರಡು ಸಣ್ಣ ತೂಗಾಟದ ನಂತರ 49.878ರಲ್ಲಿ ನಿಲ್ಲಬೇಕು. ಮೂರನೇ ಸಲ `Ki=0.2;`. ತಳ ಸುಮಾರು 49.865, ನಂತರ 50ನ್ನು ದಾಟದೆ ಕೆಳಗಿನಿಂದಲೇ ಬಂದು ಸೇರುತ್ತದೆ.

ಎರಡನೆಯ ಮತ್ತು ಮೂರನೆಯ ಗ್ರಾಫುಗಳ ತಳವನ್ನು ಗಮನವಿಟ್ಟು ನೋಡಿ. ಇಂಟಿಗ್ರಲ್ ಸೇರಿಸಿದ್ದರಿಂದ ತಳದಲ್ಲಿ ಆದ ಲಾಭ ಕೇವಲ ಒಂದು ಹರ್ಟ್ಸ್‌ನ ನೂರನೇ ಭಾಗದಷ್ಟು. ಮೊದಲ ಕುಸಿತದ ಆಳವನ್ನು ನಿರ್ಧರಿಸುವುದು ಮುಖ್ಯವಾಗಿ ಜಡತ್ವ, ಡ್ರೂಪ್ ಮತ್ತು ಟರ್ಬೈನಿನ ವಿಳಂಬ. ತಳವನ್ನು ಮೇಲೆತ್ತಲೆಂದು `Ki` ಏರಿಸುತ್ತಾ ಹೋಗುವುದು ತಪ್ಪು ತಿರುಪನ್ನು ಬಿಗಿ ಮಾಡಿದಂತೆ.

ಹಂತ 7: ಗ್ರಾಫ್ ಕೆಟ್ಟರೆ ಕಾರಣ ಗುರುತಿಸುವುದು

ಗ್ರಾಫಿನ ಆಕಾರವೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಆವರ್ತನ ತೂಗಾಡುತ್ತಾ ತೂಗಾಟ ದೊಡ್ಡದಾಗುತ್ತಿದ್ದರೆ, ಮತ್ತು ಒಂದು ತೂಗಾಟಕ್ಕೆ ಅರ್ಧ ಸೆಕೆಂಡಿನಷ್ಟೇ ಹಿಡಿಯುತ್ತಿದ್ದರೆ, ನೀವು ಡ್ರೂಪನ್ನು 2.5ರ ಬದಲು 0.05 ಎಂದು ಬರೆದಿದ್ದೀರಿ. 0.05 ಎಂಬುದು ಆವರ್ತನವನ್ನೂ ಪರ್ ಯೂನಿಟ್‌ನಲ್ಲಿ ಅಳೆದಾಗ ಮಾತ್ರ ಸರಿ. ನಮ್ಮ `f` ಹರ್ಟ್ಸ್‌ನಲ್ಲಿದೆ, ಆದ್ದರಿಂದ 50ರಿಂದ ಗುಣಿಸಲೇಬೇಕು. ನನಗೆ ತೋರಿಸಲು ತಂದ ಕೆಟ್ಟ ಗ್ರಾಫುಗಳಲ್ಲಿ ಅತಿ ಹೆಚ್ಚು ಕಂಡದ್ದು ಈ ತಪ್ಪೇ.

ತೂಗಾಟವೇ ಇಲ್ಲದೆ ಆವರ್ತನ ಒಂದೇ ದಿಕ್ಕಿನಲ್ಲಿ ಓಡಿಹೋಗುತ್ತಿದ್ದರೆ ಇಂಟಿಗ್ರಲ್‌ನ ಚಿಹ್ನೆ ತಲೆಕೆಳಗಾಗಿದೆ. ತೂಗಾಟ ಬೆಳೆಯುತ್ತಿದ್ದರೂ ಅದರ ಅವಧಿ ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚಿಹ್ನೆಯೂ ಡ್ರೂಪೂ ಸರಿಯಿವೆ, `Ki` ಮಾತ್ರ ಮಿತಿ ಮೀರಿದೆ. ಗ್ರಾಫ್ ನೋಡಲು ಚೆನ್ನಾಗಿದ್ದು, ಆರಂಭದ ಇಳಿಜಾರು ಮಾತ್ರ ಸೆಕೆಂಡಿಗೆ 0.25 ಹರ್ಟ್ಸ್ ಇಲ್ಲದಿದ್ದರೆ ಹಂತ 1ಕ್ಕೆ ಮರಳಿ `Tp` ಮತ್ತು ಆಧಾರವನ್ನು ಪರಿಶೀಲಿಸಿ.

ಹಂತ 8: ಜಲವಿದ್ಯುತ್ ಆದರೆ ಟರ್ಬೈನಿನ ಸಾಲನ್ನು ಬದಲಿಸಿ

ನಮ್ಮ ಭಾಗದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಂಥ ಹತ್ತಿರದ ಜಲವಿದ್ಯುತ್ ಕೇಂದ್ರವನ್ನು ಆರಿಸಿಕೊಳ್ಳುವುದು ಸಹಜ. ಆದರೆ ಮೇಲಿನ ಉಗಿ ಟರ್ಬೈನಿನ ಮಾದರಿಗೆ ಹೆಸರು ಮಾತ್ರ ಬದಲಿಸಿ ಜಲವಿದ್ಯುತ್ ಎಂದು ಕರೆಯುವಂತಿಲ್ಲ. ಪೈಪಿನಲ್ಲಿ ಧಾವಿಸುತ್ತಿರುವ ನೀರಿಗೆ ತೂಕವಿದೆ. ಗೇಟನ್ನು ತಟ್ಟನೆ ಹೆಚ್ಚು ತೆರೆದರೆ ನೀರಿನ ವೇಗ ಕೂಡಲೇ ಏರುವುದಿಲ್ಲ, ಬದಲಿಗೆ ಟರ್ಬೈನಿನ ಬಾಯಲ್ಲಿ ಒತ್ತಡ ಇಳಿದು, ಒಂದು ಕ್ಷಣ ಶಕ್ತಿ ಏರುವ ಬದಲು ಇಳಿಯುತ್ತದೆ. ಇದನ್ನು ಬರೆಯುವುದು ಹೀಗೆ:

```
ΔPm/ΔPg = (1 − sTw)/(1 + 0.5·sTw)
```

`Tw` ಎಂದರೆ ಪೈಪಿನ ನೀರು ಪೂರ್ಣ ವೇಗಕ್ಕೆ ಬರಲು ಹಿಡಿಯುವ ಕಾಲ. ಲೆಕ್ಕಕ್ಕೆ ಅದನ್ನು 1 ಸೆಕೆಂಡ್ ಎಂದಿಟ್ಟು, ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟು, ಇಂಟಿಗ್ರಲ್ ಇಲ್ಲದ ಲಕ್ಷಣ ಸಮೀಕರಣವನ್ನು ಬಿಡಿಸಿದರೆ `s`ನ ಗುಣಾಂಕ 20.58 − 40, ಅಂದರೆ −19.42 ಬರುತ್ತದೆ. ಋಣ ಗುಣಾಂಕ ಕಂಡ ಮೇಲೆ ರೌತ್ ಕೋಷ್ಟಕವನ್ನು ಮುಂದುವರಿಸುವ ಅಗತ್ಯವೇ ಇಲ್ಲ, ವ್ಯವಸ್ಥೆ ಅಸ್ಥಿರ. ಉಗಿಗೆ ಸರಾಗವಾಗಿ ಒಗ್ಗಿದ ಅದೇ ಶೇ 5 ಡ್ರೂಪ್ ನೀರಿಗೆ ಒಗ್ಗಲಿಲ್ಲ. ಈ ಕಾರಣಕ್ಕೇ ಜಲವಿದ್ಯುತ್ ಗವರ್ನರುಗಳಲ್ಲಿ ತಾತ್ಕಾಲಿಕ ಡ್ರೂಪ್ ಎಂಬ ವ್ಯವಸ್ಥೆ ಇರುತ್ತದೆ. ಬದಲಾವಣೆಯಾದ ಮೊದಲ ಕೆಲವು ಸೆಕೆಂಡು ಡ್ರೂಪನ್ನು ಹಲವು ಪಟ್ಟು ಹೆಚ್ಚಿಸಿ ಗೇಟನ್ನು ನಿಧಾನಗೊಳಿಸುವುದು, ನೀರು ವೇಗ ಪಡೆದ ಮೇಲೆ ಶೇ 5ಕ್ಕೆ ಇಳಿಸುವುದು ಅದರ ಕೆಲಸ. ಜಲವಿದ್ಯುತ್ ಮಾದರಿ ಬೇಕಿದ್ದರೆ ಟರ್ಬೈನಿನ ಸಾಲಿನೊಂದಿಗೆ ಇದನ್ನೂ ಸೇರಿಸಲೇಬೇಕು.

ಹಂತ 9: ಸಂಕೇತ ತಡವಾಗಿ ಬಂದರೆ `Ki`ಯನ್ನು ಮತ್ತೆ ಲೆಕ್ಕಿಸಿ

ಇಲ್ಲಿಯವರೆಗೆ ಇಂಟಿಗ್ರಲ್ ಕ್ರಿಯೆ ಪ್ರತಿ ಕ್ಷಣವೂ ನಡೆಯುತ್ತದೆ ಎಂದು ಭಾವಿಸಿದ್ದೇವೆ. ನಿಜದಲ್ಲಿ ಅದು ಕೇಂದ್ರದ ಒಳಗಿರುವುದಿಲ್ಲ, ಹೊರೆ ರವಾನೆ ಕೇಂದ್ರದ ಕಂಪ್ಯೂಟರಿನಲ್ಲಿರುತ್ತದೆ. ಭಾರತದಲ್ಲಿ ಸ್ವಯಂಚಾಲಿತ ಉತ್ಪಾದನಾ ನಿಯಂತ್ರಣದ ಮೊದಲ ಪ್ರಯೋಗ 2018ರಲ್ಲಿ ದಾದ್ರಿಯ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಆರಂಭವಾಯಿತು. ಇಂದು ದೆಹಲಿಯ ರಾಷ್ಟ್ರೀಯ ಹೊರೆ ರವಾನೆ ಕೇಂದ್ರದಿಂದ ಕೇಂದ್ರಗಳಿಗೆ ಸಂಕೇತ ಹೋಗುವುದು 4 ಸೆಕೆಂಡಿಗೊಮ್ಮೆ. ನಮ್ಮ ಮಾದರಿಗೂ ಆ 4 ಸೆಕೆಂಡನ್ನು ಹಾಕಿ ನೋಡೋಣ.

ಎರಡು ಸಂಕೇತಗಳ ನಡುವೆ ಗವರ್ನರ್ ಮತ್ತು ಟರ್ಬೈನ್ ಶಾಂತವಾಗಲು ಸಾಕಷ್ಟು ಸಮಯವಿದೆ. ಆದೇಶವನ್ನು 1 ಪರ್ ಯೂನಿಟ್ ಏರಿಸಿದರೆ ಆವರ್ತನ `1/(D+1/R)`, ಅಂದರೆ 2.44 ಹರ್ಟ್ಸ್ ಏರುತ್ತದೆ. ಪ್ರತಿ ಸಂಕೇತದಲ್ಲಿ ಆದೇಶ ಬದಲಾಗುವುದು ಆಗಿನ ಇಳಿಕೆಯ `Ki × 4` ಪಟ್ಟು. ಆದ್ದರಿಂದ ಪ್ರತಿ ಸಂಕೇತದ ನಂತರ ಉಳಿಯುವ ಇಳಿಕೆ ಹಿಂದಿನದರ ಇಷ್ಟು ಪಟ್ಟು:

```
1 − 2.44 × 4 × Ki
```

`Ki = 0.2` ಹಾಕಿದರೆ ಇದು −0.95. 0.122 ಹರ್ಟ್ಸ್ ಕೆಳಗಿದ್ದ ಆವರ್ತನ ನಾಲ್ಕು ಸೆಕೆಂಡಿನ ನಂತರ 0.116 ಹರ್ಟ್ಸ್ ಮೇಲಿರುತ್ತದೆ, ಇನ್ನೂ ನಾಲ್ಕು ಸೆಕೆಂಡಿಗೆ 0.11 ಕೆಳಗೆ. ನಿರಂತರ ಮಾದರಿಯಲ್ಲಿ ಅತ್ಯುತ್ತಮ ಎನಿಸಿದ ಗೇನ್ ಇಲ್ಲಿ ಬಿದ್ದುಹೋಗುವ ಅಂಚಿನಲ್ಲಿದೆ, 0.205 ದಾಟಿದರೆ ಅಸ್ಥಿರವೇ. ನಿಧಾನವೆಂದು ನಾವು ಬದಿಗಿಟ್ಟಿದ್ದ `Ki = 0.05` ಹಾಕಿದರೆ ಅದೇ ಸಂಖ್ಯೆ 0.51, ಅಂದರೆ ಪ್ರತಿ ನಾಲ್ಕು ಸೆಕೆಂಡಿಗೆ ಇಳಿಕೆ ಅರ್ಧವಾಗುತ್ತಾ ಸರಾಗವಾಗಿ ಸೊನ್ನೆಗೆ ಬರುತ್ತದೆ.

ಇದನ್ನು ಓಡಿಸಿ ನೋಡಲು ಲೂಪಿನ ಮೊದಲ ಸಾಲನ್ನು ಮಾತ್ರ ಬದಲಿಸಿದರೆ ಸಾಕು:

```
if mod(k,4000)==0, z = z - Ki*f*4; end
```

`N` ಅನ್ನು 60000 ಮಾಡಿ, ಒಮ್ಮೆ 0.2, ಒಮ್ಮೆ 0.05 ಹಾಕಿ ಓಡಿಸಿ. ಉಷ್ಣ ವಿದ್ಯುತ್ ಘಟಕಗಳು ನಿಮಿಷಕ್ಕೆ ಶೇಕಡಾ ಕೆಲವೇ ಪಾಲಿನಷ್ಟು ಮಾತ್ರ ಉತ್ಪಾದನೆಯನ್ನು ಏರಿಸಿಕೊಂಡು ಹೋಗಬಲ್ಲವು ಎಂಬ ಮಿತಿಯನ್ನೂ ಸೇರಿಸಿದರೆ ಗೇನ್ ಇನ್ನೂ ಕೆಳಗಿಳಿಯಬೇಕಾಗುತ್ತದೆ, ಏಕೆಂದರೆ ಟರ್ಬೈನ್ ಹಿಂದೆ ಬಿದ್ದಿರುವಷ್ಟು ಹೊತ್ತೂ `z` ಬೆಳೆಯುತ್ತಲೇ ಇರುತ್ತದೆ, ಆವರ್ತನ 50 ಮುಟ್ಟಿದ ಮೇಲೂ ಆ ಹೆಚ್ಚುವರಿ ಆದೇಶ ಅದನ್ನು ಮೇಲಕ್ಕೆ ತಳ್ಳುತ್ತದೆ. ಗವರ್ನರ್ ಸೆಕೆಂಡುಗಳಲ್ಲಿ ಕುಸಿತವನ್ನು ಹಿಡಿದ ಮೇಲೆ, 50ಕ್ಕೆ ಮರಳಿಸುವ ಕೆಲಸಕ್ಕೆ ನಿಜವಾದ ಗ್ರಿಡ್‌ನಲ್ಲಿ ನಿಮಿಷಗಳೇ ಹಿಡಿಯುವುದು ಈ ಕಾರಣಗಳಿಂದ.